ಇಲ್ಲದ ದಂಡಿಗಾಗಿ ಕಾದು ಕುಳಿತ ಸೈನ್ಯ: ನಾರ್ಮಂಡಿ ದಾಳಿಯ ಹಿಂದಿನ ದೊಡ್ಡ ಸುಳ್ಳು

1944ರ ಜೂನ್ 10. ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ಕಡಲತೀರದಲ್ಲಿ ಇಳಿದು ನಾಲ್ಕು ದಿನವಾಗಿತ್ತು. ಬೆಲ್ಜಿಯಂನಲ್ಲಿದ್ದ ಜರ್ಮನಿಯ ಒಂದನೇ ಎಸ್‌ಎಸ್ ಪೆಂಜರ್ ಡಿವಿಷನ್‌ಗೆ ನಾರ್ಮಂಡಿಗೆ ಹೊರಡಲು ಹೇಳಿ ಆಗಿತ್ತು. ಆ ದಿನ ಆದೇಶ ಬದಲಾಯಿತು. ಹೋಗುವುದು ಬೇಡ, ಬೆಲ್ಜಿಯಂನ ಬ್ರೂಜ್ ಊರಿನ ಹತ್ತಿರವೇ ಇರಿ ಎಂದರು. ಹಿಟ್ಲರನ ಅತ್ಯುತ್ತಮ ಟ್ಯಾಂಕ್ ಪಡೆಗಳಲ್ಲಿ ಒಂದು, ಯುದ್ಧ ನಡೆಯುತ್ತಿದ್ದ ಜಾಗ ಬಿಟ್ಟು, ಇನ್ನೂ ಬಾರದ ಶತ್ರುವನ್ನು ಕಾಯುತ್ತ ಕುಳಿತಿತು.

ಆ ಶತ್ರು ಬರಲೇ ಇಲ್ಲ. ಯಾಕೆಂದರೆ ಜರ್ಮನರು ಅಂದುಕೊಂಡಂಥ ಸೈನ್ಯ ಇಂಗ್ಲೆಂಡಿನಲ್ಲಿ ಇರಲೇ ಇಲ್ಲ.

ಈ ಕಥೆ ಬಹಳ ಜನಕ್ಕೆ ಗೊತ್ತು. ಗಾಳಿ ತುಂಬಿದ ರಬ್ಬರ್ ಟ್ಯಾಂಕನ್ನು ನಾಲ್ಕು ಸೈನಿಕರು ಎತ್ತಿಕೊಂಡು ಹೋಗುವ ಫೋಟೊ ನೀವೂ ನೋಡಿರಬಹುದು. ಆದರೆ ಜರ್ಮನ್ ಸೇನಾಪತಿಗಳು ಮೋಸ ಹೋಗಿದ್ದು ಆ ಟ್ಯಾಂಕಿನಿಂದಲ್ಲ. ಹಾಗಾದರೆ ಯಾವುದರಿಂದ? ಸುಳ್ಳನ್ನು ಹೇಗೆ ಕಟ್ಟಿದರು, ಅದರಲ್ಲಿ ಯಾವ ಭಾಗ ಕೆಲಸ ಮಾಡಿತು, ಯಾವುದು ಬರೀ ಆಸರೆಯಾಗಿ ನಿಂತಿತು ಅನ್ನುವುದನ್ನು ಒಂದೊಂದಾಗಿ ನೋಡೋಣ.

ಇಳಿದ ಮೇಲೇ ನಿಜವಾದ ಅಪಾಯ

ಕಡಲತೀರದಲ್ಲಿ ಸೈನ್ಯ ಇಳಿಸುವುದು ಅಂದರೆ ಒಂದು ಓಟದ ಪಂದ್ಯ. ದಾಳಿ ಮಾಡುವವರು ಜನ, ಟ್ಯಾಂಕು, ಗುಂಡು, ಪೆಟ್ರೋಲು ಎಲ್ಲವನ್ನೂ ಹಡಗಿನಲ್ಲೇ ತರಬೇಕು. ಕಾಯುವವರಿಗೆ ರಸ್ತೆ ಇದೆ, ರೈಲು ಇದೆ. ಜೂನ್ 6ರಂದು ಮಿತ್ರಪಡೆಗಳು ಸಮುದ್ರದಿಂದ ಇಳಿಸಲು ಯೋಜಿಸಿದ ಮೊದಲ ಅಲೆಯಲ್ಲಿ ಐದು ಡಿವಿಷನ್, ಆಕಾಶದಿಂದ ಇಳಿಸಿದ್ದು ಮೂರು. ಡಿವಿಷನ್ ಅಂದರೆ ಸಾವಿರಾರು ಸೈನಿಕರ ದೊಡ್ಡ ಪಡೆ. ಪಶ್ಚಿಮ ಯುರೋಪಿನಲ್ಲಿ ಜರ್ಮನಿಯ ಬಳಿ ಇದ್ದದ್ದು ಸುಮಾರು 60 ಡಿವಿಷನ್. ಅವೆಲ್ಲ ಒಂದೇ ಗುಣಮಟ್ಟದವಲ್ಲ ನಿಜ. ಆದರೂ ಅವುಗಳಲ್ಲಿ ಒಳ್ಳೆಯವು ಎರಡು ವಾರದೊಳಗೆ ನಾರ್ಮಂಡಿಯಲ್ಲಿ ಸೇರಿಬಿಟ್ಟಿದ್ದರೆ, ಇಳಿದವರನ್ನು ಮತ್ತೆ ಸಮುದ್ರಕ್ಕೆ ತಳ್ಳುವ ಸಾಧ್ಯತೆ ಇತ್ತು.

ಇಲ್ಲೇ ಗುಟ್ಟು ಕಾಪಾಡುವುದಕ್ಕೂ ದಾರಿ ತಪ್ಪಿಸುವುದಕ್ಕೂ ವ್ಯತ್ಯಾಸ ಇರುವುದು. ಗುಟ್ಟು ಜೂನ್ 6ರ ಬೆಳಗಿನವರೆಗೆ ಮಾತ್ರ ಉಳಿಯುತ್ತದೆ. ಹಡಗುಗಳು ಕಣ್ಣಿಗೆ ಬಿದ್ದ ಮೇಲೆ ಜಾಗ ಯಾವುದು ಅನ್ನುವುದು ಎಲ್ಲರಿಗೂ ಗೊತ್ತು. ಮಿತ್ರಪಡೆಗಳಿಗೆ ಬೇಕಾಗಿದ್ದದ್ದು ಅದರ ನಂತರವೂ ನಡೆಯುವ ಸುಳ್ಳು. ಅಂದರೆ ಸೈನ್ಯ ಎದುರಿಗೆ ಬಂದು ನಿಂತಿದ್ದರೂ ಶತ್ರು "ಇದು ಅಸಲಿ ದಾಳಿ ಅಲ್ಲ" ಅಂದುಕೊಳ್ಳಬೇಕು.

ಮೊದಲು ಸಿದ್ಧವಾದ ಯೋಜನೆಯಲ್ಲಿ ಈ ಅಂಶ ದುರ್ಬಲವಾಗಿತ್ತು. ದಾಳಿ ತಡವಾಗಿ ಬರುತ್ತದೆ, ಅದೂ ಪಾ ದ ಕಾಲೆಯ ಮೇಲೆ ಬರುತ್ತದೆ ಎಂದು ತೋರಿಸುವುದು ಅದರ ಉದ್ದೇಶ. ಪಾ ದ ಕಾಲೆ ಅಂದರೆ ಇಂಗ್ಲೆಂಡಿಗೆ ತೀರ ಹತ್ತಿರದ ಫ್ರೆಂಚ್ ತೀರ. ಡೋವರ್‌ನಿಂದ ಅಲ್ಲಿಗೆ ಬರೀ 33 ಕಿಲೋಮೀಟರ್ ನೀರು. ಆದರೆ ದಕ್ಷಿಣ ಇಂಗ್ಲೆಂಡಿನಲ್ಲಿ ನಾರ್ಮಂಡಿಗಾಗಿ ಸೇರಿದ್ದ ಲಕ್ಷಾಂತರ ಜನರನ್ನು ಬಚ್ಚಿಡುವುದು ಹೇಗೆ?

1944ರ ಆರಂಭದಲ್ಲಿ, ನಾರ್ಮಂಡಿಗೆ ಇಳಿಯುವ ಭೂಸೇನೆಗಳ ಮುಖ್ಯಸ್ಥರಾಗಿದ್ದ ಬ್ರಿಟಿಷ್ ಜನರಲ್ ಮಾಂಟ್‌ಗೊಮರಿಯ ಜೊತೆಗಿದ್ದ ಕರ್ನಲ್ ಡೇವಿಡ್ ಸ್ಟ್ರೇಂಜ್‌ವೇಸ್ ಆ ಯೋಜನೆಯನ್ನು ತೆಗೆದು ಹಾಕಿ ಹೊಸದಾಗಿ ಬರೆದರು. ಅವರ ಯೋಚನೆ ಸರಳ, ಆದರೆ ತುಂಬಾ ಧೈರ್ಯದ್ದು. ಬಚ್ಚಿಡಲು ಆಗದ್ದನ್ನು ಬಚ್ಚಿಡುವುದೇ ಬೇಡ. ದಕ್ಷಿಣದಲ್ಲಿ ಮಾಂಟ್‌ಗೊಮರಿಯ ಸೈನ್ಯ ಇದೆ ಅನ್ನುವುದು ಶತ್ರುವಿಗೆ ಗೊತ್ತಾದರೂ ಚಿಂತೆ ಇಲ್ಲ. ಅದರ ಪಕ್ಕದಲ್ಲಿ, ಇಂಗ್ಲೆಂಡಿನ ಆಗ್ನೇಯ ಮೂಲೆಯಲ್ಲಿ, ಅಷ್ಟೇ ದೊಡ್ಡ ಇನ್ನೊಂದು ಸೈನ್ಯ ಇದೆ ಎಂದು ನಂಬಿಸಿದರೆ ಸಾಕು. ಮೊದಲ ಸೈನ್ಯ ನಾರ್ಮಂಡಿಗೆ ಹೋಗಿ ಜರ್ಮನರ ಮೀಸಲು ಪಡೆಗಳನ್ನು ಎಳೆದುಕೊಳ್ಳುತ್ತದೆ. ಆಮೇಲೆ ಎರಡನೆಯದು ಖಾಲಿಯಾದ ಪಾ ದ ಕಾಲೆಗೆ ಬಂದು ಬೀಳುತ್ತದೆ. ಇದು ಕಥೆ. ಈ ಕಥೆಯಲ್ಲಿ ನಾರ್ಮಂಡಿಯ ನಿಜವಾದ ದಾಳಿಯೇ ಸುಳ್ಳಿಗೆ ಸಾಕ್ಷಿಯಾಗಿ ನಿಲ್ಲುತ್ತದೆ. ನಾರ್ಮಂಡಿಯಲ್ಲಿ ಯುದ್ಧ ಜೋರಾದಷ್ಟೂ "ನೋಡಿ, ನಮ್ಮನ್ನು ಇಲ್ಲಿಗೆ ಸೆಳೆಯುತ್ತಿದ್ದಾರೆ" ಎಂದು ಜರ್ಮನರಿಗೆ ಅನ್ನಿಸಬೇಕು. ನನಗೆ ಈ ಇಡೀ ಕಾರ್ಯಾಚರಣೆಯಲ್ಲಿ ಅತ್ಯಂತ ಬುದ್ಧಿವಂತಿಕೆಯ ಭಾಗ ಅನ್ನಿಸುವುದು ಇದೇ.

ಇದಕ್ಕೆ ಇಟ್ಟ ಗುಪ್ತ ಹೆಸರು 'ಫೋರ್ಟಿಟ್ಯೂಡ್ ಸೌತ್'. ಸುಳ್ಳು ಸೈನ್ಯದ ಹೆಸರು ಒಂದನೇ ಅಮೆರಿಕನ್ ಆರ್ಮಿ ಗ್ರೂಪ್. ಅದರ ಮುಖ್ಯಸ್ಥ ಎಂದು ತೋರಿಸಿದ್ದು ಜನರಲ್ ಜಾರ್ಜ್ ಪ್ಯಾಟನ್ ಅವರನ್ನು. ಉತ್ತರ ಆಫ್ರಿಕ ಮತ್ತು ಸಿಸಿಲಿಯಲ್ಲಿ ಅವರ ವೇಗ ನೋಡಿದ್ದ ಜರ್ಮನರಿಗೆ, ಇಂಥವರನ್ನು ಮುಖ್ಯ ದಾಳಿಯಿಂದ ಹೊರಗಿಟ್ಟು ಬೇರೆಯದಕ್ಕೆ ಇಡುತ್ತಾರೆ ಅಂದರೆ ನಂಬಲು ಆಗುತ್ತಿರಲಿಲ್ಲ.

ಸೈನ್ಯ ಪೂರ್ತಿ ಗಾಳಿಯಲ್ಲಿ ಕಟ್ಟಿದ್ದೂ ಅಲ್ಲ. ಅದರ ಕೆಳಗೆ ತೋರಿಸಿದ ಕೆನಡಾದ ಒಂದನೇ ಸೇನೆ, ಅಮೆರಿಕದ ಮೂರನೇ ಸೇನೆ ಎರಡೂ ನಿಜವಾಗಿಯೂ ಇದ್ದವು. ಅವು ನಂತರ ನಾರ್ಮಂಡಿಗೇ ಹೋಗಬೇಕಿದ್ದ ಪಡೆಗಳು. ಮೂರನೇ ಸೇನೆ ಇದ್ದದ್ದು ಇಂಗ್ಲೆಂಡಿನ ವಾಯವ್ಯದ ಕಡೆ, ತೋರಿಸಿದ್ದು ಪೂರ್ವ ತೀರದಲ್ಲಿ. ಸುಳ್ಳು ಇದ್ದದ್ದು ಅವು ಎಲ್ಲಿವೆ, ಯಾರ ಕೈಕೆಳಗಿವೆ, ಎಲ್ಲಿಗೆ ಹೊರಟಿವೆ ಅನ್ನುವುದರಲ್ಲಿ.

ದೋಣಿಗಳು, ರೇಡಿಯೊ

ಈಗ ಬೊಂಬೆಗಳ ವಿಷಯಕ್ಕೆ ಬರೋಣ. ಫೋರ್ಟಿಟ್ಯೂಡ್ ಸೌತ್‌ನಲ್ಲಿ ಮುಖ್ಯವಾಗಿ ನಿಲ್ಲಿಸಿದ್ದು ಟ್ಯಾಂಕ್‌ಗಳನ್ನಲ್ಲ, ದೋಣಿಗಳನ್ನು. ಸೈನ್ಯ ಇಳಿಸುವ ದೋಣಿಗಳಂತೆ ಕಾಣುವ ಸುಮಾರು 250 ನಕಲಿಗಳನ್ನು ಗ್ರೇಟ್ ಯಾರ್ಮತ್, ಲೋಸ್ಟಾಫ್ಟ್, ಡೋವರ್, ಫೋಕ್‌ಸ್ಟನ್ ಕಡೆಯ ನೀರಿನಲ್ಲಿ ತೇಲಿಬಿಟ್ಟರು. ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಕ್ಯಾನ್ವಾಸ್, ಕೆಳಗೆ ಖಾಲಿ ಡ್ರಮ್ಮುಗಳು. ರಾತ್ರಿ ಹೊತ್ತು ಜೋಡಿಸುತ್ತಿದ್ದರು. ಚಿಮಣಿಯಿಂದ ಹೊಗೆ ಬರುವಂತೆ ಮಾಡುತ್ತಿದ್ದರು. ಜನ ಇದ್ದಾರೆ ಅನ್ನಿಸಲು ಬಟ್ಟೆ ಒಣಗಲು ಹಾಕುತ್ತಿದ್ದರು. ಹಗುರವಾದ ಕಾರಣ ಜೋರು ಗಾಳಿ ಬಂದರೆ ಕಷ್ಟ.

ಗದ್ದೆಯ ಬೆದರುಬೊಂಬೆಯನ್ನು ದಿನಾ ಒಂದೇ ಜಾಗದಲ್ಲಿ ಬಿಟ್ಟರೆ ನಾಲ್ಕು ದಿನದಲ್ಲಿ ಹಕ್ಕಿ ಬಂದು ಅದರ ತಲೆ ಮೇಲೇ ಕೂರುತ್ತದೆ. ಇಲ್ಲೂ ಅದೇ ಕಷ್ಟ. ನಿಂತಲ್ಲೇ ನಿಂತ ದೋಣಿಯನ್ನು ಎರಡು ಫೋಟೊ ಪಕ್ಕದಲ್ಲಿಟ್ಟು ನೋಡಿದವರು ಹಿಡಿದುಬಿಡುತ್ತಾರೆ. ಹಾಗಾಗಿ ಬೊಂಬೆ ಅಂದರೆ ಒಮ್ಮೆ ಮಾಡಿಟ್ಟು ಮರೆಯುವ ವಸ್ತುವಲ್ಲ. ಅದನ್ನು ನೋಡಿಕೊಳ್ಳಲು ಪ್ರತಿದಿನ ನೂರಾರು ಜನ ಬೇಕು.

ಇಷ್ಟೆಲ್ಲ ಮಾಡಿದ್ದನ್ನು ನೋಡಿದವರು ಎಷ್ಟು? ಬಹಳ ಕಡಿಮೆ. 1944ರ ವಸಂತದ ಹೊತ್ತಿಗೆ ಇಂಗ್ಲೆಂಡಿನ ಆಕಾಶ ಪೂರ್ತಿ ಮಿತ್ರಪಡೆಗಳ ಹಿಡಿತದಲ್ಲಿತ್ತು. ಜರ್ಮನ್ ಫೋಟೊ ವಿಮಾನಗಳು ಅಪರೂಪಕ್ಕೆ ಮಾತ್ರ ನುಸುಳುತ್ತಿದ್ದವು. ರಬ್ಬರ್ ಟ್ಯಾಂಕ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ, ಇವತ್ತು 'ಘೋಸ್ಟ್ ಆರ್ಮಿ' ಅಂತ ಪ್ರಸಿದ್ಧವಾದ ಅಮೆರಿಕನ್ ಘಟಕದ ಕೆಲಸ ನಡೆದದ್ದು ಬಹುಪಾಲು ಜೂನ್ ನಂತರ, ಫ್ರಾನ್ಸ್ ಮತ್ತು ಅದರ ಆಚೆಯ ನೆಲದಲ್ಲಿ. ಎರಡು ಬೇರೆ ಬೇರೆ ಕಥೆಗಳು ಜನರ ನೆನಪಿನಲ್ಲಿ ಬೆರೆತುಹೋಗಿವೆ.

ರೇಡಿಯೊ ಇನ್ನೂ ಸೂಕ್ಷ್ಮ. ಜರ್ಮನರು ಮಿತ್ರಪಡೆಗಳ ಗುಪ್ತಲಿಪಿಯನ್ನು ಒಡೆಯಬೇಕಾದ ಅಗತ್ಯವೇ ಇರಲಿಲ್ಲ. ಯಾವ ಸ್ಟೇಷನ್ ಎಲ್ಲಿಂದ ಮಾತಾಡುತ್ತಿದೆ ಅನ್ನುವುದನ್ನು ಬೇರೆ ಬೇರೆ ಜಾಗದಲ್ಲಿ ಆಂಟೆನಾ ಇಟ್ಟು ದಿಕ್ಕು ಹಿಡಿದರೆ ಕಂಡುಹಿಡಿಯಬಹುದು. ಒಂದು ಸ್ಟೇಷನ್ ನಾಲ್ಕು ಸ್ಟೇಷನ್‌ಗಳ ಜೊತೆ ಮಾತಾಡುತ್ತದೆ, ಆ ನಾಲ್ಕು ಮಾತ್ರ ಮೇಲಿನ ಬೇರೆ ಯಾರ ಜೊತೆಗೂ ನೇರವಾಗಿ ಮಾತಾಡುವುದಿಲ್ಲ ಅಂದರೆ ಅದು ಮುಖ್ಯ ಕಚೇರಿ, ಇವು ಅದರ ಕೈಕೆಳಗಿನವು. ಹೀಗೆ ಒಂದಕ್ಷರವೂ ಅರ್ಥವಾಗದೆ ಇಡೀ ಸೈನ್ಯದ ರಚನೆ ಬರೆದುಕೊಳ್ಳಬಹುದು.

ಇದೇ ಬಾಗಿಲಿನಿಂದ ಸುಳ್ಳನ್ನೂ ಒಳಗೆ ಕಳಿಸಬಹುದು. ಅಮೆರಿಕದ 3103ನೇ ಸಿಗ್ನಲ್ ಸರ್ವಿಸ್ ಬೆಟಾಲಿಯನ್ ಈ ಕೆಲಸಕ್ಕೇ ಇತ್ತು. ಬ್ರಿಟಿಷರ ಐದನೇ ವೈರ್‌ಲೆಸ್ ಗ್ರೂಪ್ ಮೊದಲೇ ರೆಕಾರ್ಡ್ ಮಾಡಿದ ಮಾತುಕತೆಯನ್ನು ಗಾಡಿಗಳಿಂದ ಬಿತ್ತರಿಸುತ್ತಿತ್ತು. ಕೆಲವೇ ವೈರ್‌ಲೆಸ್ ಗಾಡಿಗಳು ಇಡೀ ಡಿವಿಷನ್‌ನಂತೆ ಮಾತಾಡಬಲ್ಲವು. ಆದರೆ ಬಾಯಿಗೆ ಬಂದದ್ದನ್ನು ಬಿತ್ತರಿಸಿದರೆ ಆಗದು. ಸಮುದ್ರ ತೀರದಲ್ಲಿ ಇಳಿಯುವ ತಾಲೀಮು ಮಾಡುವ ಡಿವಿಷನ್‌ನ ರೇಡಿಯೊಗೆ ಒಂದು ನಡಿಗೆ ಇರುತ್ತದೆ. ಹಡಗು ಹತ್ತುವ ಮುಂಚೆ ಗಲಾಟೆ, ಆಮೇಲೆ ಮೌನ, ದಡ ಮುಟ್ಟಿದಾಗ ಒಮ್ಮೆಲೇ ನೂರು ಮಾತು. ಊರು ಬದಲಿಸಿದಾಗ ಹಳೆಯ ಜಾಗದಲ್ಲಿ ಸದ್ದು ನಿಲ್ಲಬೇಕು, ದಾರಿ ಸವೆಯುವಷ್ಟು ಹೊತ್ತು ಸುಮ್ಮನಿರಬೇಕು, ಹೊಸ ಜಾಗದಲ್ಲಿ ಶುರುವಾಗಬೇಕು. ಆ ನಡಿಗೆಯನ್ನು ಗಂಟೆಗಂಟೆಗೂ ಬರೆದಿಟ್ಟುಕೊಂಡು ಅಭಿನಯಿಸಿದರು. ಪೋರ್ಟ್ಸ್‌ಮತ್ ಹತ್ತಿರವಿದ್ದ ಮಾಂಟ್‌ಗೊಮರಿಯ ನಿಜವಾದ ಮುಖ್ಯ ಕಚೇರಿಯ ಸಂದೇಶಗಳನ್ನು ನೆಲದ ತಂತಿಯ ಮೂಲಕ ಕೆಂಟ್ ಪ್ರದೇಶಕ್ಕೆ ಕಳಿಸಿ ಅಲ್ಲಿಂದ ಗಾಳಿಗೆ ಬಿಟ್ಟರು. ದಿಕ್ಕು ಹಿಡಿದ ಶತ್ರುವಿಗೆ ಕಚೇರಿ ಡೋವರ್ ಕಡೆ ಇದೆ ಎಂದೇ ಕಾಣಬೇಕು.

ಇಲ್ಲೂ ಒಂದು ಮಾತು ಹೇಳಲೇಬೇಕು. ಯುದ್ಧದ ನಂತರ ಜರ್ಮನ್ ಕಡತಗಳನ್ನು ತೆರೆದು ನೋಡಿದಾಗ, ಆ ಸುಳ್ಳು ಸೈನ್ಯದ ಬಗ್ಗೆ ಅವರು ಬರೆದುಕೊಂಡ ವಿವರಗಳಲ್ಲಿ ಬಹುಪಾಲು ರೇಡಿಯೊದಿಂದ ಬಂದದ್ದಲ್ಲ, ಫೋಟೊದಿಂದಲೂ ಅಲ್ಲ. ಗೂಢಚಾರರಿಂದ ಬಂದದ್ದು. ಹಾಗಿದ್ದರೆ ದೋಣಿ, ರೇಡಿಯೊ ಎಲ್ಲ ದಂಡವೇ? ನನ್ನ ಪ್ರಕಾರ ಅಲ್ಲ. ಕೆಂಟ್‌ನಲ್ಲಿ ಹತ್ತು ಡಿವಿಷನ್ ಇದೆ ಎಂದು ಗೂಢಚಾರ ಹೇಳುವಾಗ ಅಲ್ಲಿಂದ ಒಂದೂ ರೇಡಿಯೊ ಸದ್ದಿಲ್ಲ, ಬಂದರಿನಲ್ಲಿ ಒಂದೂ ದೋಣಿ ಇಲ್ಲ ಅಂದರೆ ಮೊದಲು ಅನುಮಾನಕ್ಕೆ ಗುರಿಯಾಗುವುದು ಗೂಢಚಾರನೇ. ಬೊಂಬೆಗಳು ಕಥೆ ಹೇಳಲಿಲ್ಲ. ಕಥೆಯ ವಿರುದ್ಧ ಸಾಕ್ಷಿ ಹೇಳದಂತೆ ನೋಡಿಕೊಂಡವು.

ಬಾರ್ಸಿಲೋನಾದ ಮನುಷ್ಯ

ಕಥೆ ಹೇಳಿದವರಲ್ಲಿ ಮುಖ್ಯರಾದವರು ಇಬ್ಬರು. ಒಬ್ಬರು ಪೋಲೆಂಡಿನ ವಾಯುಪಡೆ ಅಧಿಕಾರಿ ರೋಮನ್ ಚೆರ್ನಿಯಾವ್‌ಸ್ಕಿ, ಬ್ರಿಟಿಷರು ಇಟ್ಟ ಗುಪ್ತ ಹೆಸರು 'ಬ್ರೂಟಸ್'. ಇನ್ನೊಬ್ಬರು ಬಾರ್ಸಿಲೋನಾದ ಹುವಾನ್ ಪುಜೋಲ್ ಗಾರ್ಸಿಯಾ, ಗುಪ್ತ ಹೆಸರು 'ಗಾರ್ಬೊ'.

ಬ್ರಿಟನ್ನಿನಲ್ಲಿದ್ದ ಜರ್ಮನ್ ಗೂಢಚಾರರನ್ನೆಲ್ಲ ಬ್ರಿಟನ್ನಿನ ಎಂಐ5 ಸಂಸ್ಥೆ ಅಷ್ಟರಲ್ಲಿ ಹಿಡಿದಿತ್ತು ಅಥವಾ ತನ್ನ ಕಡೆಗೆ ತಿರುಗಿಸಿಕೊಂಡಿತ್ತು. ಪುಜೋಲ್ ಅವರನ್ನು ಯಾರೂ ತಿರುಗಿಸಬೇಕಾಗಿರಲಿಲ್ಲ. ನಾಜಿಗಳ ಮೇಲಿನ ದ್ವೇಷದಿಂದ ತಾವಾಗಿಯೇ ಜರ್ಮನರ ಗೂಢಚಾರನಾಗಿ ಸೇರಿ, ಲಿಸ್ಬನ್‌ನಲ್ಲಿ ಕೂತು, ಲಂಡನ್‌ನಲ್ಲಿರುವಂತೆ ನಟಿಸಿ ಸುಳ್ಳು ವರದಿ ಕಳಿಸುತ್ತಿದ್ದರು. 1942ರಲ್ಲಿ ಬ್ರಿಟಿಷರು ಅವರನ್ನು ಲಂಡನ್ನಿಗೇ ಕರೆಸಿಕೊಂಡರು. ಅಲ್ಲಿ ತೋಮಾಸ್ ಹ್ಯಾರಿಸ್ ಎಂಬ ಅಧಿಕಾರಿಯ ಜೊತೆ ಸೇರಿ 27 ಜನ ಉಪ ಗೂಢಚಾರರ ಜಾಲವೊಂದನ್ನು ಹುಟ್ಟಿಸಿದರು. ಆ 27ರಲ್ಲಿ ಒಬ್ಬರೂ ನಿಜವಾದ ಮನುಷ್ಯರಲ್ಲ.

ಆದರೆ ಪ್ರತಿಯೊಬ್ಬರಿಗೂ ಸ್ವಭಾವ, ಕೆಲಸ, ಊರು ಇತ್ತು. ಅವರು ಏನನ್ನು ನೋಡಿರಬಹುದು, ಏನನ್ನು ನೋಡಿರಲು ಸಾಧ್ಯವಿಲ್ಲ ಅನ್ನುವ ಲೆಕ್ಕ ಇತ್ತು. 1942ರಲ್ಲಿ ಉತ್ತರ ಆಫ್ರಿಕ ದಾಳಿಗೆ ಹಡಗುಗಳು ಹೊರಡುವಾಗ ಲಿವರ್‌ಪೂಲ್‌ನಲ್ಲಿದ್ದ ಗಾರ್ಬೊ ಅವರ ಕಲ್ಪಿತ ಗೂಢಚಾರ ಅವನ್ನು ನೋಡದೆ ಇರಲು ಸಾಧ್ಯವಿರಲಿಲ್ಲ. ನೋಡಿಯೂ ಹೇಳದಿದ್ದರೆ ಅನುಮಾನ. ಹಾಗಾಗಿ ಅವನಿಗೆ ಕಾಯಿಲೆ ಬರಿಸಿ, ಸಾಯಿಸಿ, ಪತ್ರಿಕೆಯಲ್ಲಿ ಸಾವಿನ ಸುದ್ದಿಯನ್ನೂ ಹಾಕಿಸಿದರು. ಇಲ್ಲದ ಗಂಡನ ಇಲ್ಲದ ವಿಧವೆಗೆ ಜರ್ಮನರು ಹಣ ಕಳಿಸಿದರು. ಅದೇ ದಾಳಿಯ ಬಗ್ಗೆ ಗಾರ್ಬೊ ಒಂದು ಸತ್ಯವಾದ ಪತ್ರವನ್ನೂ ಬರೆದರು. ಅಂಚೆ ಮುದ್ರೆಯಲ್ಲಿ ದಾಳಿಗೆ ಮುಂಚಿನ ದಿನಾಂಕ ಇತ್ತು, ಪತ್ರ ತಲುಪಿದ್ದು ದಾಳಿಯ ನಂತರ. ಉಪಯೋಗಕ್ಕೆ ಬಾರದ ಸತ್ಯ, ಆದರೆ ಹೇಳಿದವರ ಮೇಲೆ ನಂಬಿಕೆ ಬೆಳೆಸುವ ಸತ್ಯ.

1944ರ ಜನವರಿಯಿಂದ ಜೂನ್‌ವರೆಗೆ ಗಾರ್ಬೊ ಮತ್ತು ಮ್ಯಾಡ್ರಿಡ್‌ನ ಜರ್ಮನ್ ಕಚೇರಿಯ ನಡುವೆ 500ಕ್ಕೂ ಜಾಸ್ತಿ ರೇಡಿಯೊ ಸಂದೇಶಗಳು ಓಡಾಡಿದವು. ಅವುಗಳಲ್ಲಿ ಎಲ್ಲೂ "ಪಾ ದ ಕಾಲೆಗೆ ದಾಳಿ ಆಗುತ್ತದೆ" ಎಂದು ನೇರವಾಗಿ ತಂದಿಟ್ಟ ಗುಟ್ಟಿಲ್ಲ. ಒಬ್ಬ ಕಲ್ಪಿತ ಗೂಢಚಾರ ಒಂದು ಊರಿನಲ್ಲಿ ಒಂದು ಬಗೆಯ ಭುಜದ ಬ್ಯಾಡ್ಜ್ ನೋಡುತ್ತಾನೆ. ಇನ್ನೊಬ್ಬ ರಸ್ತೆಯಲ್ಲಿ ಒಂದು ಗುರುತಿನ ಟ್ರಕ್ ಸಾಲು ನೋಡುತ್ತಾನೆ. ಬ್ರೂಟಸ್ ತಮಗೆ ಕೆಲಸದ ನಿಮಿತ್ತ ಗೊತ್ತಾಯಿತು ಎಂದು ಒಂದು ಕಚೇರಿಯ ಹೆಸರು ಕಳಿಸುತ್ತಾರೆ. ಚೂರುಗಳನ್ನು ಜೋಡಿಸಿದ್ದು ಜರ್ಮನ್ ಗುಪ್ತಚರ ಅಧಿಕಾರಿಗಳೇ. ತಾವೇ ಜೋಡಿಸಿದ ಚಿತ್ರದ ಮೇಲೆ ಅವರಿಗೆ ನಂಬಿಕೆ ಜಾಸ್ತಿ ಇತ್ತು. ಜರ್ಮನ್ ಸೇನೆಯ ಪಶ್ಚಿಮ ವಿಭಾಗದ ಗುಪ್ತಚರ ಮುಖ್ಯಸ್ಥ ಅಲೆಕ್ಸಿಸ್ ಫಾನ್ ರೋನ್ ಅವರ ಕಚೇರಿ, ಬ್ರಿಟನ್ನಿನಲ್ಲಿ 50ರ ಆಸುಪಾಸು ಇದ್ದ ಡಿವಿಷನ್‌ಗಳನ್ನು 75ಕ್ಕೂ ಜಾಸ್ತಿ ಎಂದು ಎಣಿಸಿತ್ತು.

ಆ ಎಣಿಕೆಯೇ ನಿಜವಾದ ಆಯುಧ. ಅಷ್ಟು ಡಿವಿಷನ್ ಇದೆ ಎಂದು ಒಮ್ಮೆ ಒಪ್ಪಿದ ಮೇಲೆ, ನಾರ್ಮಂಡಿಯಲ್ಲಿ ಬರೀ ಎಂಟು ಹತ್ತು ಕಂಡರೆ "ಉಳಿದವು ಎಲ್ಲಿ?" ಅನ್ನುವ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಉತ್ತರವೂ ಸಿದ್ಧವಾಗಿಯೇ ಇತ್ತು.

ಸುಳ್ಳು ನಾಟಿತೇ ಎಂದು ತಿಳಿಯುವುದು ಹೇಗೆ?

ಹಿಂದಿನ ವರ್ಷ ಮಿತ್ರಪಡೆಗಳ ಇಂಥದ್ದೇ ಒಂದು ಪ್ರಯತ್ನ ಸೋತಿತ್ತು. 1943ರ ಸೆಪ್ಟೆಂಬರ್‌ನಲ್ಲಿ 'ಸ್ಟಾರ್ಕಿ' ಎಂಬ ಹೆಸರಿನಲ್ಲಿ ಪಾ ದ ಕಾಲೆಗೆ ದಾಳಿ ಬರುವಂತೆ ತೋರಿಸಿ, ಹಡಗುಗಳನ್ನು ಫ್ರೆಂಚ್ ತೀರದ ಹತ್ತಿರದವರೆಗೆ ಕಳಿಸಿ ವಾಪಸ್ ಕರೆದುಕೊಂಡರು. ಜರ್ಮನರು ಅಲುಗಾಡಲಿಲ್ಲ. ಆ ವರ್ಷ ಮಿತ್ರಪಡೆಗಳು ಅಷ್ಟು ದೊಡ್ಡ ದಾಳಿ ಮಾಡುವ ಸ್ಥಿತಿಯಲ್ಲಿಲ್ಲ ಎಂದು ಅವರು ಲೆಕ್ಕ ಹಾಕಿದ್ದರು. ಲೆಕ್ಕ ಸರಿಯಾಗಿಯೇ ಇತ್ತು.

ಅದಕ್ಕೂ ಮುಂಚೆ, 1941ರ ಆರಂಭದಲ್ಲಿ, ಪೂರ್ವ ಆಫ್ರಿಕದಲ್ಲಿ ಇನ್ನೊಂದು ಪಾಠ ಸಿಕ್ಕಿತ್ತು. ಅಲ್ಲಿ ಇಟಲಿಯ ಸೈನ್ಯದ ಮೇಲೆ ಬ್ರಿಟಿಷ್ ಜನರಲ್ ವೇವೆಲ್ ಎರಿಟ್ರಿಯಾ ಕಡೆಯಿಂದ ದಾಳಿಗೆ ಸಿದ್ಧವಾಗುತ್ತಿದ್ದರು. ಅಲ್ಲಿ ಮುಂದೆ ಕೆರೆನ್ ಕಣಿವೆಯಲ್ಲಿ ಕಾದಾಡಿದ್ದು ಭಾರತೀಯ ಸೇನೆಯ ನಾಲ್ಕು ಮತ್ತು ಐದನೇ ಡಿವಿಷನ್‌ಗಳು. ಇಟಲಿಯವರನ್ನು ದೂರ ಸೆಳೆಯಲು, ದಾಳಿ ಆಗ ಇಟಲಿಯ ವಶದಲ್ಲಿದ್ದ ಬ್ರಿಟಿಷ್ ಸೊಮಾಲಿಲ್ಯಾಂಡಿನ ಮೇಲೆ ಎಂದು ಸುಳ್ಳು ಹರಡಿದರು. ಇಟಲಿಯವರು ಪೂರ್ತಿ ನಂಬಿದರು. ನಂಬಿ, ಅದನ್ನು ಉಳಿಸಿಕೊಳ್ಳಲು ಆಗುವುದಿಲ್ಲ ಎಂದು ಸೊಮಾಲಿಲ್ಯಾಂಡ್ ಬಿಟ್ಟು, ಅಲ್ಲಿದ್ದ ಪಡೆಗಳನ್ನು ಎರಿಟ್ರಿಯಾ ಕಡೆಗೇ ಕಳಿಸಿದರು! ಅಲ್ಲಿಂದ ಕೈರೋದ ವಂಚನಾ ಘಟಕದ ಡಡ್ಲಿ ಕ್ಲಾರ್ಕ್ ಒಂದು ಪ್ರಶ್ನೆಯನ್ನು ಕಡ್ಡಾಯ ಮಾಡಿದರು. ಶತ್ರು ಏನು ಯೋಚಿಸಬೇಕು ಅಂತ ಕೇಳಬೇಡಿ, ಏನು ಮಾಡಬೇಕು ಅಂತ ಕೇಳಿ. ಫೋರ್ಟಿಟ್ಯೂಡ್‌ಗೆ ಆ ಉತ್ತರ ಸ್ಪಷ್ಟವಾಗಿತ್ತು: ಪಾ ದ ಕಾಲೆ ಕಾಯುತ್ತಿರುವ ಹದಿನೈದನೇ ಸೇನೆ ಇದ್ದಲ್ಲೇ ಇರಬೇಕು. ಏನೂ ಮಾಡದೆ ಇರುವಂತೆ ಮಾಡುವುದು, ಏನಾದರೂ ಮಾಡಿಸುವುದಕ್ಕಿಂತ ಸುಲಭ.

ಜರ್ಮನರ ನಂಬಿಕೆಯೂ ಮೊದಲೇ ಅದೇ ದಿಕ್ಕಿನಲ್ಲಿತ್ತು. ಹತ್ತಿರದ ದಾರಿ, ವಿಮಾನಗಳ ಬೆಂಬಲ ಸುಲಭ, ಅಲ್ಲಿಂದ ಜರ್ಮನಿಗೂ ಹತ್ತಿರ. ಲಂಡನ್ ಮೇಲೆ ಹಾರಿಸಲು ಸಿದ್ಧವಾಗುತ್ತಿದ್ದ ವಿ-1 ಬಾಂಬ್‌ಗಳ ನೆಲೆಗಳೂ ಆ ಪ್ರದೇಶದಲ್ಲೇ ಇದ್ದವು. ಪಶ್ಚಿಮದ ಮುಖ್ಯ ಸೇನಾಪತಿ ರುಂಡ್‌ಸ್ಟೆಟ್ ಅವರಿಗೆ ಇದು ತಮ್ಮದೇ ತೀರ್ಮಾನ ಎಂದು ಅನ್ನಿಸುತ್ತಿತ್ತು.

ಬಲೆ ಬಿಗಿಯಾಗಿದೆಯೇ ಎಂದು ನೋಡಲು ಮಿತ್ರಪಡೆಗಳಿಗೆ ಒಂದು ಕಿಟಕಿ ಇತ್ತು. ಜರ್ಮನರ ಗುಪ್ತಲಿಪಿಯನ್ನು ಬ್ಲೆಚ್ಲಿ ಪಾರ್ಕ್‌ನಲ್ಲಿ ಓದುತ್ತಿದ್ದರು. ಜಪಾನಿನ ರಾಯಭಾರಿ ಸಂದೇಶಗಳನ್ನೂ ಓದುತ್ತಿದ್ದರು. 1944ರ ಮೇ ಕೊನೆಯಲ್ಲಿ ಬರ್ಲಿನ್‌ನಲ್ಲಿದ್ದ ಜಪಾನಿನ ರಾಯಭಾರಿ ಒಷಿಮಾ, ಹಿಟ್ಲರನನ್ನು ಭೇಟಿಯಾಗಿ ಆ ಮಾತುಕತೆಯನ್ನು ಟೋಕಿಯೊಗೆ ವರದಿ ಮಾಡಿದರು. ಬೇರೆ ಬೇರೆ ಕಡೆ ಗಮನ ಸೆಳೆಯುವ ದಾಳಿ ನಡೆಯುತ್ತದೆ, ನಾರ್ಮಂಡಿ ಅಥವಾ ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿಯಲ್ಲಿ ಒಂದು ನೆಲೆ ಮಾಡಿಕೊಳ್ಳಬಹುದು, ಆದರೆ ಅಸಲಿ ದಾಳಿ ಡೋವರ್ ಜಲಸಂಧಿ ದಾಟಿಯೇ ಬರುತ್ತದೆ ಎಂದು ಹಿಟ್ಲರ್ ಹೇಳಿದ್ದ. ಆ ಸಂದೇಶ ಜೂನ್ ಮೊದಲ ದಿನಗಳಲ್ಲೇ ಮಿತ್ರಪಡೆಗಳ ಮೇಜಿನ ಮೇಲಿತ್ತು. ತಾವು ಬರೆದ ಕಥೆಯನ್ನೇ ಶತ್ರುವಿನ ಮುಖ್ಯಸ್ಥನ ಬಾಯಲ್ಲಿ ಕೇಳುವ ಭಾಗ್ಯ ಯುದ್ಧದಲ್ಲಿ ಬೇರೆ ಯಾರಿಗೆ ಸಿಕ್ಕಿದೆಯೋ ಗೊತ್ತಿಲ್ಲ.

ಜೂನ್ 5ರಿಂದ 10

ದಾಳಿಯ ಮುಂಚಿನ ವಾರಗಳಲ್ಲಿ ತೀರದ ಫಿರಂಗಿ ನೆಲೆಗಳ ಮೇಲೆ ಬಾಂಬ್ ಹಾಕುವಾಗ ನಾರ್ಮಂಡಿಗೆ ಒಂದಾದರೆ ಬೇರೆ ಕಡೆಗೆ ಎರಡು ಎಂಬ ಲೆಕ್ಕ ಪಾಲಿಸಿದರು. ರೇಡಾರ್ ನೆಲೆಗಳನ್ನು ಒಡೆಯುವಾಗಲೂ ಕಾಲೆ ಕಡೆಯ ಕೆಲವನ್ನು ಬೇಕೆಂದೇ ಉಳಿಸಿದರು. ಯಾಕೆಂದರೆ ಅವುಗಳಿಗೆ ತೋರಿಸುವುದು ಒಂದಿತ್ತು.

ಜೂನ್ 5ರ ರಾತ್ರಿ ಬ್ರಿಟಿಷ್ ವಾಯುಪಡೆಯ 617ನೇ ಸ್ಕ್ವಾಡ್ರನ್ನಿನ ಲ್ಯಾಂಕಾಸ್ಟರ್ ವಿಮಾನಗಳು ಸಮುದ್ರದ ಮೇಲೆ ಸುತ್ತು ಹಾಕುತ್ತ, ರೇಡಾರ್ ಅಲೆಗಳನ್ನು ಹಿಂದಿರುಗಿಸುವ ಲೋಹದ ಹಾಳೆಯ ಪಟ್ಟಿಗಳನ್ನು ಲೆಕ್ಕ ಹಾಕಿ ಸುರಿಸಿದವು. ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಫ್ರಾನ್ಸಿನ ಕಡೆ ಸರಿಯುತ್ತಿದ್ದವು. ಜರ್ಮನ್ ರೇಡಾರ್‌ಗೆ ಅದು ಹಡಗಿನ ವೇಗದಲ್ಲಿ ಬರುತ್ತಿರುವ ದೊಡ್ಡ ನೌಕಾಪಡೆಯಂತೆ ಕಾಣಬೇಕು. ಕಾಲೆ ಹತ್ತಿರದ ಬೂಲೋನ್ ಬಂದರಿನ ಎದುರು 218ನೇ ಸ್ಕ್ವಾಡ್ರನ್ ಇದೇ ಕೆಲಸ ಮಾಡಿತು. ಕೆಳಗೆ ಕೆಲವು ಚಿಕ್ಕ ಮೋಟಾರು ದೋಣಿಗಳು ರೇಡಾರ್ ಪ್ರತಿಫಲಿಸುವ ಬಲೂನ್ ಕಟ್ಟಿಕೊಂಡು ಹೋದವು. ನೆಲದ ಮೇಲೆ ನೂರಾರು ಗೋಣಿಬಟ್ಟೆಯ ಬೊಂಬೆಗಳನ್ನು ಪ್ಯಾರಾಚೂಟ್ ಕಟ್ಟಿ ಬೀಳಿಸಿದರು. ಬೊಂಬೆಗಳು ಮತ್ತು ದಾರಿ ತಪ್ಪಿ ಎಲ್ಲೆಲ್ಲೋ ಇಳಿದ ನಿಜವಾದ ಅಮೆರಿಕನ್ ಸೈನಿಕರು, ಇಬ್ಬರೂ ಸೇರಿ, ಅಮೆರಿಕನ್ನರು ಇಳಿಯಬೇಕಿದ್ದ ಒಮಾಹಾ ತೀರದ ಹಿಂದಿನ ಒಂದು ಜರ್ಮನ್ ಮೀಸಲು ರೆಜಿಮೆಂಟನ್ನು ನಸುಕಿನಲ್ಲಿ ಬೇರೆ ದಿಕ್ಕಿಗೆ ಓಡಿಸಿದರು. ಸ್ಥಳೀಯ ಮಟ್ಟದಲ್ಲಿ ಇದು ದೊಡ್ಡ ಉಪಕಾರ. ಆದರೆ ಇದರ ಆಯಸ್ಸು ಕೆಲವು ಗಂಟೆ ಮಾತ್ರ.

ಅದೇ ರಾತ್ರಿ ಗಾರ್ಬೊ, ಮಿತ್ರಪಡೆಗಳ ಮುಖ್ಯ ಸೇನಾಪತಿ ಐಸೆನ್‌ಹೋವರ್ ಅವರ ಒಪ್ಪಿಗೆ ಪಡೆದು, ದಾಳಿ ಹೊರಟಿದೆ ಎಂಬ ನಿಜವಾದ ಸುದ್ದಿಯನ್ನೇ ಕಳಿಸಲು ಕುಳಿತರು. ಜರ್ಮನರಿಗೆ ಉಪಯೋಗವಾಗದಷ್ಟು ತಡವಾಗಿ, ಆದರೆ ತೀರ ಮುಟ್ಟುವ ಮುಂಚೆ. ಮ್ಯಾಡ್ರಿಡ್‌ನವರು ಸಮಯಕ್ಕೆ ಉತ್ತರಿಸಲೇ ಇಲ್ಲ! ಸಂದೇಶ ತಲುಪಿದ್ದು ಬೆಳಗಾದ ಮೇಲೆ. ಇದರಿಂದ ಗಾರ್ಬೊಗೆ ಒಳ್ಳೆಯದೇ ಆಯಿತು. ಇಷ್ಟು ದೊಡ್ಡ ಸುದ್ದಿ ನಿಮ್ಮ ನಿರ್ಲಕ್ಷ್ಯದಿಂದ ಹಾಳಾಯಿತು ಎಂದು ಅವರು ಜರ್ಮನರನ್ನೇ ತರಾಟೆಗೆ ತೆಗೆದುಕೊಂಡರು.

ಜೂನ್ 6ರಂದೇ ಕಥೆಗೆ ಒಂದು ಅಪಾಯವೂ ಎದುರಾಗಬಹುದಿತ್ತು. ಮಿತ್ರ ನಾಯಕರು ಭಾಷಣದಲ್ಲಿ "ಇದೇ ಮುಖ್ಯ ದಾಳಿ" ಎಂದುಬಿಟ್ಟರೆ? ಐಸೆನ್‌ಹೋವರ್ ಅದನ್ನು ಆರಂಭದ ದಾಳಿ ಎಂದರು. ಚರ್ಚಿಲ್ ಸಂಸತ್ತಿನಲ್ಲಿ ಸರಣಿಯ ಮೊದಲನೆಯದು ಎಂದರು.

ಜೂನ್ 8ರ ಹೊತ್ತಿಗೆ ರುಂಡ್‌ಸ್ಟೆಟ್ ಮೀಸಲು ಪಡೆಗಳನ್ನು ನಾರ್ಮಂಡಿಗೆ ಎಳೆಯಲು ಶುರು ಮಾಡಿದ್ದರು. ಇದು ಮಿತ್ರಪಡೆಗಳಿಗೆ ಅತ್ಯಂತ ಆತಂಕದ ಗಳಿಗೆ. ಆ ಮಧ್ಯರಾತ್ರಿ ದಾಟಿದ ಮೇಲೆ ಗಾರ್ಬೊ ಎರಡು ಗಂಟೆ ಉದ್ದದ ಸಂದೇಶ ಕಳಿಸಿದರು. ಗೂಢಚಾರನೊಬ್ಬ ಅಷ್ಟು ಹೊತ್ತು ರೇಡಿಯೊದಲ್ಲಿ ಇದ್ದರೆ ಸಿಕ್ಕಿಬೀಳುವುದು ಖಚಿತ, ಜರ್ಮನರಿಗೆ ಅದೇ ಅನುಮಾನ ಹುಟ್ಟಿಸಬೇಕಿತ್ತು. ಹುಟ್ಟಿಸಲಿಲ್ಲ. ಸಂದೇಶದಲ್ಲಿ ಆಗ್ನೇಯ ಇಂಗ್ಲೆಂಡಿನಲ್ಲಿ ಇನ್ನೂ ಉಳಿದಿರುವ ಪಡೆಗಳ ಪಟ್ಟಿ ಇತ್ತು. ಪ್ಯಾಟನ್ ಅವರ ಸೈನ್ಯದ ಒಂದು ಪಡೆಯೂ ನಾರ್ಮಂಡಿಗೆ ಹೋಗಿಲ್ಲ, ಹಾಗಾಗಿ ಇದು ನಮ್ಮ ಮೀಸಲುಗಳನ್ನು ಸೆಳೆಯುವ ಬಲೆ, ಮುಂದಿನ ಏಟು ಬಹುಶಃ ಪಾ ದ ಕಾಲೆಯ ಮೇಲೆ ಎಂಬ ತೀರ್ಮಾನ ಇತ್ತು. ಇದರ ಸಾರಾಂಶ ಜರ್ಮನ್ ಸೇನೆಯ ಮುಖ್ಯ ಕಚೇರಿ ತಲುಪಿ ಹಿಟ್ಲರನ ಮುಂದೆ ಹೋಯಿತು. ಮರುದಿನವೇ ಒಂದನೇ ಎಸ್‌ಎಸ್ ಪೆಂಜರ್‌ಗೆ ನಿಲ್ಲುವ ಆದೇಶ ಬಂತು.

ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಒಂದು ಸಂದೇಶ ಯುದ್ಧ ತಿರುಗಿಸಿತು ಎಂದು ಬರೆಯುವುದು ಸುಲಭ. ಆದರೆ ಆ ಆದೇಶಕ್ಕೆ ಬೇರೆ ಸುಳಿವುಗಳೂ, ಸೇನಾಪತಿಗಳ ಮೊದಲೇ ಇದ್ದ ನಂಬಿಕೆಯೂ ಕಾರಣ. ಗಾರ್ಬೊ ಅವರ ಮಾತು ತೂಕ ಪಡೆದದ್ದು ಅದು ಹೊಸದಾಗಿದ್ದಕ್ಕಲ್ಲ, ಕೇಳುವವರು ಅದನ್ನೇ ನಿರೀಕ್ಷಿಸುತ್ತಿದ್ದುದಕ್ಕೆ. ಜೊತೆಗೆ ಸೇತುವೆ, ರೈಲು ಮಾರ್ಗಗಳನ್ನೆಲ್ಲ ಮಿತ್ರ ವಿಮಾನಗಳು ಒಡೆದಿದ್ದರಿಂದ, ಹೊರಟ ಪಡೆಗಳೂ ಬೇಗ ತಲುಪುತ್ತಿರಲಿಲ್ಲ. ವಂಚನೆ ಒಂದೇ ಗೆಲ್ಲಿಸಲಿಲ್ಲ. ದುರ್ಬಲವಾದ ಮೊದಲ ವಾರಗಳಿಗೆ ಅದು ಸಮಯ ಕೊಟ್ಟಿತು.

ಸುಳ್ಳಿಗೆ ನಿತ್ಯದ ಆರೈಕೆ

ಎರಡು ವಾರ ನಡೆದರೆ ಸಾಕು ಅಂದುಕೊಂಡಿದ್ದ ಕಥೆ ಜುಲೈಗೂ ಎಳೆಯಿತು. ಈಗ ಹೊಸ ತೊಂದರೆ. ಪ್ಯಾಟನ್ ಮತ್ತು ಅವರ ನಿಜವಾದ ಸೇನೆ ನಾರ್ಮಂಡಿಗೆ ಹೋಗಬೇಕಿತ್ತು. ಅವರು ಜುಲೈ 6ರಂದು ಫ್ರಾನ್ಸಿಗೆ ಬಂದರು. ಅಲ್ಲಿ ಅವರನ್ನು ಜರ್ಮನರು ಕಂಡರೆ ಕಾಲೆಗೆ ಹೊರಡಬೇಕಾದ ಸೈನ್ಯದ ಗತಿ ಏನು?

ಪ್ಯಾಟನ್ ಐಸೆನ್‌ಹೋವರ್ ಜೊತೆ ಜಗಳವಾಡಿ ಕೆಳಗಿನ ಹುದ್ದೆಗೆ ಇಳಿದಿದ್ದಾರೆ ಎಂದು ಗೂಢಚಾರರ ಮೂಲಕ ಹೇಳಿಸಿದರು. ಪ್ಯಾಟನ್ ಅವರ ಸ್ವಭಾವ ಗೊತ್ತಿದ್ದವರಿಗೆ ಇದು ಅಸಹಜ ಅನ್ನಿಸುವುದಿಲ್ಲ. ಸುಳ್ಳು ಸೈನ್ಯಕ್ಕೆ ಹೊಸ ಮುಖ್ಯಸ್ಥರಾಗಿ ಜನರಲ್ ಲೆಸ್ಲಿ ಮ್ಯಾಕ್‌ನೇರ್ ಬಂದರು. ಅವರು ಜುಲೈ 25ರಂದು ನಾರ್ಮಂಡಿಯ ಯುದ್ಧಭೂಮಿ ನೋಡಲು ಹೋಗಿದ್ದಾಗ ಅಮೆರಿಕನ್ ವಿಮಾನಗಳ ಬಾಂಬಿಗೇ ಸಿಕ್ಕಿ ತೀರಿಕೊಂಡರು. ನಿಜವಾದ ಸಾವು ಸುಳ್ಳಿನ ಕಥೆಗೂ ತಟ್ಟಿತು. ತಕ್ಷಣ ಇನ್ನೊಬ್ಬ ಹೆಸರಾಂತ ಜನರಲ್ ಜಾನ್ ಡಿವಿಟ್ ಅವರನ್ನು ಆ ಜಾಗಕ್ಕೆ ತರಬೇಕಾಯಿತು. ಹೊರಟುಹೋದ ನಿಜವಾದ ಪಡೆಗಳ ಬದಲಿಗೆ ಹದಿನಾಲ್ಕನೇ ಅಮೆರಿಕನ್ ಸೇನೆ ಎಂಬ ಪೂರ್ತಿ ಕಲ್ಪಿತ ಸೇನೆಯನ್ನು ನಿಲ್ಲಿಸಿದರು. ಅದರ ಡಿವಿಷನ್‌ಗಳಿಗೆ ಸಂಖ್ಯೆ ಕೊಟ್ಟು, ಭುಜದ ಬ್ಯಾಡ್ಜ್‌ಗಳನ್ನೂ ವಿನ್ಯಾಸ ಮಾಡಿಸಿದರು.

ಹದಿನೈದನೇ ಸೇನೆಯ ಕಾಲಾಳು ಡಿವಿಷನ್‌ಗಳಲ್ಲಿ ಬಹುಪಾಲು ಜುಲೈ ಕೊನೆಯವರೆಗೆ ಸೇನ್ ನದಿಯ ಆಚೆಯೇ ಇದ್ದವು. ಅವುಗಳನ್ನು ಬಿಡುವ ಹೊತ್ತಿಗೆ ಅಮೆರಿಕನ್ನರು ನಾರ್ಮಂಡಿಯ ಮುತ್ತಿಗೆ ಒಡೆದು ಹೊರಬಂದಿದ್ದರು. ಜುಲೈ 29ರಂದು ಮ್ಯಾಡ್ರಿಡ್‌ನಿಂದ ಗಾರ್ಬೊಗೆ ಸಂದೇಶ ಬಂತು. ಸೇವೆಗಾಗಿ ಹಿಟ್ಲರ್ ಅವರಿಗೆ ಐರನ್ ಕ್ರಾಸ್ ಪದಕ ಕೊಟ್ಟಿದ್ದ. ಆ ವರ್ಷದ ಕೊನೆಯಲ್ಲಿ ಬ್ರಿಟಿಷರೂ ಗುಟ್ಟಾಗಿ ಎಂಬಿಇ ಗೌರವ ಕೊಟ್ಟರು.

ಕಾಲೆಗೆ ದಾಳಿ ಬಾರದೆ ಹೋದದ್ದಕ್ಕೆ ಜರ್ಮನ್ ಗುಪ್ತಚರ ಅಧಿಕಾರಿಗಳು ತಾವೇ ಒಂದು ವಿವರಣೆ ಹುಡುಕಿಕೊಂಡರು. ನಾರ್ಮಂಡಿಯ ದಾಳಿ ನಿರೀಕ್ಷೆಗಿಂತ ಚೆನ್ನಾಗಿ ನಡೆದದ್ದರಿಂದ ಮಿತ್ರಪಡೆಗಳು ಎರಡನೇ ದಾಳಿಯನ್ನು ಕೈಬಿಟ್ಟಿವೆ ಎಂದು ತೀರ್ಮಾನಿಸಿದರು. ಆ ಸೈನ್ಯ ಇರಲೇ ಇಲ್ಲ ಎಂಬ ಯೋಚನೆ ಅವರಿಗೆ ಬರಲಿಲ್ಲ. ಹಾಗಾಗಿ ಗಾರ್ಬೊ, ಬ್ರೂಟಸ್ ಇಬ್ಬರ ಮೇಲಿನ ನಂಬಿಕೆಯೂ ಹಾಗೇ ಉಳಿಯಿತು. ವಿ-1 ಬಾಂಬ್‌ಗಳು ಲಂಡನ್ನಿನಲ್ಲಿ ಎಲ್ಲಿ ಬೀಳುತ್ತಿವೆ ಎಂದು ಜರ್ಮನರು ಕೇಳಿದ್ದು ಇಂಥ ಗೂಢಚಾರರನ್ನೇ.